‘ನೋಡುವ’ ಅಂದರೆ ‘ಬರುತ್ತೇನೆ’ ಅಂತಲ್ಲ: ಒಂದು ಗೋಷ್ಠಿಯ ಆಹ್ವಾನದ ಪ್ರಕರಣ

ಇದು ತೀರ್ಥಹಳ್ಳಿ ಕಡೆಯ ಪ್ರಕರಣ. ನಾವು ಹತ್ತು ಹನ್ನೆರಡು ಜನ ಅಡಿಕೆ ಬೆಳೆಗಾರರು ಸೇರಿಕೊಂಡ ಒಂದು ಸಣ್ಣ ಬಳಗ ಇದೆ. ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಅರ್ಧ ದಿನದ ಕಾರ್ಯಕ್ರಮ, ಅದರೊಳಗೆ ಒಂದು ಚರ್ಚಾಗೋಷ್ಠಿ ಮಾಡೋಣ ಅಂತ ಫೆಬ್ರವರಿಯಲ್ಲಿ ಮಾತಾಯಿತು. ಗೋಷ್ಠಿಗೆ ಕರೆಯಬೇಕು ಅಂತ ಎಲ್ಲರೂ ಒಪ್ಪಿದ ಒಬ್ಬರು ಇದ್ದರು. ಮಂಗಳೂರಿನಲ್ಲಿರುವ ನಿವೃತ್ತ ಸಸ್ಯರೋಗ ತಜ್ಞೆ. ಅಡಿಕೆ ತೋಟಗಳಲ್ಲೇ ಜೀವಮಾನ ಕಳೆದವರು, ವಯಸ್ಸು ಅರವತ್ತೆಂಟು. ಇಲ್ಲಿ ಅವರನ್ನು ಮೇಡಂ ಅಂತಲೇ ಕರೆಯುತ್ತೇನೆ.

ಅವರನ್ನು ಕರೆಯುವ ಹೊತ್ತಿಗೆ ನಮ್ಮ ಕೈಯಲ್ಲಿ ದಿನ ಇರಲಿಲ್ಲ. ಗೋಷ್ಠಿ ಎಷ್ಟು ಹೊತ್ತು ಅಂತ ಗೊತ್ತಿರಲಿಲ್ಲ. ಭಾಷಣವಾ, ಚರ್ಚೆಯಾ ಅಂತ ತೀರ್ಮಾನ ಆಗಿರಲಿಲ್ಲ. ಬರುವ ಹೋಗುವ ವ್ಯವಸ್ಥೆ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಇಷ್ಟಿದ್ದೂ ಆಹ್ವಾನ ಕಳಿಸಲೇಬೇಕಿತ್ತು. ಅಂಥವರ ದಿನಗಳು ಬೇಗ ತುಂಬಿಹೋಗುತ್ತವೆ. ಎಲ್ಲ ಖಚಿತ ಮಾಡಿಕೊಂಡು ಆಮೇಲೆ ಕರೆಯೋಣ ಅಂತ ಕೂತರೆ ಅವರು ಸಿಗುವುದಿಲ್ಲ.

ದಿನ ಯಾಕೆ ಖಚಿತ ಆಗಲಿಲ್ಲ ಅಂತ ಮೊದಲು ಹೇಳುತ್ತೇನೆ. ನಮ್ಮಲ್ಲಿ ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದು ಜನ ಉಸಿರಾಡುವಾಗ ಮಾರ್ಚ್ ಮುಗಿಯುತ್ತಾ ಬರುತ್ತದೆ. ಅದಕ್ಕೆ ಮೊದಲು ಕಾರ್ಯಕ್ರಮ ಇಟ್ಟರೆ ಕುರ್ಚಿ ಖಾಲಿ. ಜೂನ್ ಶುರುವಾದರೆ ಮಳೆ. ಅಷ್ಟರೊಳಗೆ ಮೊದಲ ಸಲದ ಔಷಧಿ ಹೊಡೆದಿರಬೇಕು. ಹೊಡೆಯಬೇಕಾದರೆ ಮರ ಹತ್ತುವ ಕೊನೆಗಾರರಿಗೆ ಮುಂಚೆಯೇ ಹೇಳಿಡಬೇಕು, ಮೈಲುತುತ್ತ, ಸುಣ್ಣ ತಂದಿಡಬೇಕು. ಹಾಗಾಗಿ ಮೇ ಮಧ್ಯ ದಾಟಿದ ಮೇಲೆ ಮೇಡಂ ಏನು ಹೇಳಿದರೂ ಆ ವರ್ಷಕ್ಕೆ ಉಪಯೋಗವಿಲ್ಲ. ಉಳಿದದ್ದು ಏಪ್ರಿಲ್ ಮತ್ತು ಮೇ ಮೊದಲ ಎರಡು ವಾರ. ಅದೇ ಮದುವೆ ಕಾಲ. ಊರಿನ ಛತ್ರಗಳೆಲ್ಲ ಲಗ್ನಕ್ಕೆ ಹೋಗಿರುತ್ತವೆ. ಮದುವೆಯವರು ಪೂರ್ತಿ ಮುಂಗಡ ಕೊಟ್ಟು ಹಿಡಿಯುತ್ತಾರೆ. ನಮ್ಮಂಥವರಿಗೆ ಛತ್ರದವರು ಹೇಳುವುದು ಒಂದೇ ಮಾತು: ‘ಯುಗಾದಿ ಕಳೀಲಿ, ಆ ದಿನ ಯಾರೂ ತಗೊಳ್ದೆ ಇದ್ರೆ ನಿಮಗೆ.’

ನಾವು ಮೊದಲು ಕಳಿಸಿದ ಪತ್ರ ಹೀಗಿತ್ತು. ಒಂದಕ್ಷರ ಬದಲಿಸದೆ ಕೊಡುತ್ತಿದ್ದೇನೆ.

‘ಮಾನ್ಯರೇ, ನಮ್ಮ ಬಳಗದ ವತಿಯಿಂದ ಅಡಿಕೆ ಎಲೆಚುಕ್ಕೆ ರೋಗದ ಕುರಿತು ವಿಚಾರಗೋಷ್ಠಿಯನ್ನು ಏರ್ಪಡಿಸಲಾಗುತ್ತಿದ್ದು, ತಾವು ಸಂಪನ್ಮೂಲ ವ್ಯಕ್ತಿಗಳಾಗಿ ಆಗಮಿಸಿ ರೈತರಿಗೆ ಮಾರ್ಗದರ್ಶನ ನೀಡಬೇಕಾಗಿ ವಿನಂತಿ. ದಿನಾಂಕ, ಸಮಯ ಹಾಗೂ ಇತರ ವಿವರಗಳನ್ನು ನಂತರ ತಿಳಿಸಲಾಗುವುದು.’

ಇದನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆವು. ಆರು ದಿನ ಉತ್ತರ ಬರಲಿಲ್ಲ. ಏಳನೇ ದಿನ ಒಂದು ಸಾಲು ಬಂತು: ‘ನೋಡುವ. ದಿನ ಗೊತ್ತಾದ ಮೇಲೆ ಹೇಳಿ.’

ನಮ್ಮ ಗುಂಪಿನಲ್ಲಿ ಅದನ್ನು ಓದಿ ಎಲ್ಲರಿಗೂ ಖುಷಿ. ಬಂದ ಹಾಗೇ ಲೆಕ್ಕ ಅಂದುಕೊಂಡೆವು. ಕರಾವಳಿಯವರ ‘ನೋಡುವ’ ಮತ್ತು ನಮ್ಮ ‘ನೋಡೋಣ’ ಎರಡೂ ಒಂದೇ. ಎರಡರಲ್ಲೂ ಒಪ್ಪಿಗೆ ಇಲ್ಲ, ತಿರಸ್ಕಾರವೂ ಇಲ್ಲ. ಅವರು ಹೇಳಿದ್ದು ಇಷ್ಟೇ: ನೀವು ಕೇಳಿದ್ದು ಏನು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಪತ್ರ ತೆಗೆದು ಮತ್ತೆ ಓದಿದರೆ ಅದು ನಿಜವೇ. ಯಾವ ದಿನ ಅಂತ ಇಲ್ಲ, ಎಷ್ಟು ಹೊತ್ತು ಅಂತ ಇಲ್ಲ, ಒಬ್ಬರೇ ಮಾತಾಡಬೇಕಾ ನಾಲ್ವರ ಜೊತೆಯಾ ಅಂತ ಇಲ್ಲ. ಹೂಂ ಅನ್ನಲು ಅದರಲ್ಲಿ ಏನೂ ಇರಲಿಲ್ಲ.

ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ಬಳಗದ ಹುಡುಗನೊಬ್ಬ ಉತ್ಸಾಹದಿಂದ ಆಹ್ವಾನ ಪತ್ರಿಕೆಯ ಕರಡು ಮಾಡಿದ. ಮೇಡಂ ಹೆಸರು, ಪಕ್ಕದಲ್ಲಿ ಫೋಟೊ, ಕೆಳಗೆ ‘ದಿನಾಂಕ: ಶೀಘ್ರದಲ್ಲಿ’. ಗುಂಪಿಗೆ ಹಾಕಿದ. ಅಲ್ಲಿಂದ ಅದು ಇನ್ನೊಂದು ಗುಂಪಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ನಾಲ್ಕನೇ ದಿನ ಪುತ್ತೂರಿನ ಬೆಳೆಗಾರರೊಬ್ಬರು ಅದನ್ನು ಮೇಡಂಗೇ ಕಳಿಸಿ ‘ತೀರ್ಥಹಳ್ಳಿಗೆ ಯಾವತ್ತು ಹೋಗ್ತೀರಿ, ನಾವೂ ಬರಬಹುದಾ’ ಅಂತ ಕೇಳಿದರಂತೆ.

ಅವತ್ತು ಸಂಜೆ ಅವರ ಫೋನ್ ಬಂತು. ದನಿ ಏರಿಸಲಿಲ್ಲ.

‘ನಾನು ಬರ್ತೇನೆ ಅಂತ ಯಾವಾಗ ಹೇಳಿದ್ದು? ನೋಡುವ ಅಂತ ಹೇಳಿದ್ದಲ್ವಾ?’

ಕ್ಷಮೆ ಕೇಳಿದೆ. ಪತ್ರಿಕೆ ವಾಪಸ್ ತೆಗೆಸುತ್ತೇನೆ ಅಂದೆ.

‘ಅದು ಬಿಡಿ, ಹೋದದ್ದು ಹೋಯ್ತು. ಈಗ ಹೇಳಿ. ನಾನೊಬ್ಬಳೇ ಮಾತಾಡುವುದಾ, ಬೇರೆಯವರು ಉಂಟಾ? ಸ್ಲೈಡ್ ಮಾಡ್ಬೇಕಾ? ನಂಗೆ ಎಷ್ಟು ನಿಮಿಷ? ಮತ್ತೆ ಕೆಳಗೆ ಯಾವಾಗ ಬಿಡ್ತೀರಿ? ಕತ್ತಲಾದ ಮೇಲೆ ಘಾಟಿ ಇಳಿಯುದು ನಂಗೆ ಆಗುದಿಲ್ಲ.’

ನಾಲ್ಕು ಪ್ರಶ್ನೆಗಳನ್ನೂ ಕೈಯಲ್ಲಿದ್ದ ಔಷಧಿ ಅಂಗಡಿ ಬಿಲ್ಲಿನ ಹಿಂದೆ ಬರೆದುಕೊಂಡೆ. ಆ ಚೀಟಿ ಈಗಲೂ ಇದೆ. ಅದನ್ನು ನೋಡಿದಾಗ ಒಂದು ವಿಷಯ ಹೊಳೆಯಿತು. ಅವರು ದಿನ ಯಾವುದು ಅಂತ ಕೇಳಲೇ ಇಲ್ಲ. ನಾವು ಒಂದು ತಿಂಗಳಿಂದ ಒದ್ದಾಡುತ್ತಿದ್ದದ್ದು ದಿನಕ್ಕಾಗಿ. ದಿನ ಆಮೇಲೆ ಗೊತ್ತಾಗುತ್ತದೆ ಅನ್ನುವುದು ಅವರಿಗೆ ದೊಡ್ಡ ವಿಷಯವೇ ಆಗಿರಲಿಲ್ಲ, ಮೂವತ್ತು ವರ್ಷದಿಂದ ಇಂಥ ಕಾರ್ಯಕ್ರಮ ನೋಡಿದವರು. ಅವರಿಗೆ ಬೇಕಿದ್ದದ್ದು ತಯಾರಿ ಏನು, ಶ್ರಮ ಎಷ್ಟು, ಮನೆಗೆ ವಾಪಸ್ ಯಾವಾಗ. ಅದರಲ್ಲಿ ಅರ್ಧಕ್ಕರ್ಧ ನಾವು ಅವತ್ತೇ ಕೂತು ತೀರ್ಮಾನ ಮಾಡಬಹುದಾಗಿತ್ತು. ಅದಕ್ಕೆ ಛತ್ರ ಸಿಗಲೇಬೇಕು ಅಂತೇನೂ ಇರಲಿಲ್ಲ. ‘ಇತರ ವಿವರಗಳು ನಂತರ’ ಅನ್ನುವ ಒಂದೇ ಚೀಲದೊಳಗೆ ನಿಜವಾಗಿ ಗೊತ್ತಿಲ್ಲದ್ದನ್ನೂ, ಯೋಚನೆ ಮಾಡದೆ ಬಿಟ್ಟದ್ದನ್ನೂ ಒಟ್ಟಿಗೆ ತುಂಬಿದ್ದೆವು.

ಆ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಐದು ಜನ ಕೂತೆವು. ಒಂದೊಂದನ್ನೇ ಚೀಲದಿಂದ ಹೊರಗೆ ತೆಗೆದೆವು.

ಮೊದಲು ಗೋಷ್ಠಿಯ ರೂಪ. ಒಬ್ಬರಿಗೆ ಮೇಡಂ ಮುಕ್ಕಾಲು ಗಂಟೆ ಉಪನ್ಯಾಸ ಕೊಡಲಿ ಅಂತ ಆಸೆ. ಇನ್ನೊಬ್ಬರಿಗೆ ಪ್ರಶ್ನೋತ್ತರವೇ ಇರಲಿ ಅಂತ. ಇದನ್ನು ನಾವು ಫೆಬ್ರವರಿಯಿಂದ ಮುಂದೂಡುತ್ತಾ ಬಂದಿದ್ದೆವು, ಜಗಳ ಬೇಡ ಅಂತ. ಆದರೆ ಮಾತಾಡುವವರ ತಯಾರಿ ಪೂರ್ತಿ ನಿಂತಿರುವುದು ಇದರ ಮೇಲೆಯೇ. ಉಪನ್ಯಾಸ ಅಂದರೆ ಸ್ಲೈಡ್ ಬೇಕು, ಫೋಟೊ ಹುಡುಕಬೇಕು, ಎರಡು ದಿನದ ಕೆಲಸ. ಚರ್ಚೆ ಅಂದರೆ ಎರಡು ಮುಖ್ಯ ಮಾತು ತಲೆಯಲ್ಲಿದ್ದರೆ ಸಾಕು. ನಮ್ಮ ಬೆಳೆಗಾರರಿಗೆ ರೋಗ ಯಾಕೆ ಬರುತ್ತದೆ ಅನ್ನುವ ಪಾಠ ಹಲವು ಸಲ ಆಗಿದೆ. ಅವರಿಗೆ ಬೇಕಾದದ್ದು ‘ನನ್ನ ತೋಟಕ್ಕೆ ಏನು ಮಾಡಲಿ’ ಅನ್ನುವುದಕ್ಕೆ ಉತ್ತರ. ಹಾಗಾಗಿ ಚರ್ಚೆ ಅಂತ ಅಲ್ಲೇ ಮುಗಿಸಿದೆವು. ಇನ್ನು ಬದಲಾವಣೆ ಇಲ್ಲ ಅಂತ ಎಲ್ಲರ ಕೈಲೂ ಹೇಳಿಸಿಕೊಂಡೆ.

ಎರಡನೆಯದು ಹೊತ್ತು. ಇಲ್ಲಿ ನಿಜವಾಗಿಯೇ ಒಂದು ವಿಷಯ ನಮ್ಮ ಕೈಯಲ್ಲಿರಲಿಲ್ಲ. ಸರ್ಕಾರಿ ಇಲಾಖೆಯ ಅಧಿಕಾರಿಯೊಬ್ಬರನ್ನೂ ಕರೆಯುವ ಯೋಚನೆ ಇತ್ತು. ಅವರಿಗೆ ಮೇಲಿನವರ ಅನುಮತಿ ಬೇಕು. ಅವರು ಬಂದರೆ ವೇದಿಕೆ ಮೇಲೆ ನಾಲ್ಕು ಜನ, ಗೋಷ್ಠಿ 90 ನಿಮಿಷ. ಬರದಿದ್ದರೆ ಮೂವರು, 75 ನಿಮಿಷ. ಲೆಕ್ಕ ಹಾಕಿದೆವು. ನಿರ್ವಾಹಕರ ಪೀಠಿಕೆಗೆ 5 ನಿಮಿಷ. ಒಬ್ಬೊಬ್ಬರ ಮೊದಲ ಮಾತಿಗೆ 8 ನಿಮಿಷ. ನಾಲ್ವರಾದರೆ ಒಟ್ಟು 37, ಮೂವರಾದರೆ 29. ಮೈಕ್ ಕೈಯಿಂದ ಕೈಗೆ ಹೋಗುವುದು, ಹಿಂದಿನ ಸಾಲಿನವರು ಎದ್ದು ನಿಂತು ಹೆಸರು ಊರು ಹೇಳುವುದು ಅಂತ ಹತ್ತು ನಿಮಿಷ ಹೋಗಿಯೇ ಹೋಗುತ್ತದೆ. ಉಳಿದದ್ದು ನಾಲ್ವರಾದರೆ 43, ಮೂವರಾದರೆ 36 ನಿಮಿಷ. ಒಂದು ಪ್ರಶ್ನೆಗೆ ಉತ್ತರ ಸೇರಿ ಮೂರು ನಿಮಿಷ ಅಂದರೆ ಹದಿನಾಲ್ಕು ಅಥವಾ ಹನ್ನೆರಡು ಪ್ರಶ್ನೆ.

ಈ ಲೆಕ್ಕ ಮುಗಿದಾಗ ಕಂಡದ್ದು ಏನು ಗೊತ್ತಾ? ಮೇಡಂ ಪಾಲಿಗೆ ಏನೂ ಬದಲಾಗುವುದಿಲ್ಲ. ಅಧಿಕಾರಿ ಬರಲಿ, ಬಿಡಲಿ, ಅವರ ಮೊದಲ ಮಾತು 8 ನಿಮಿಷವೇ. ನಾವು ‘ಹೊತ್ತು ಗೊತ್ತಿಲ್ಲ’ ಅಂತ ಬರೆದಿದ್ದೆವು. ಗೊತ್ತಿಲ್ಲದೇ ಇದ್ದದ್ದು ನಮ್ಮ ಕಾರ್ಯಕ್ರಮದ ಹೊತ್ತು, ಅವರ ಹೊತ್ತಲ್ಲ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ತಿಳಿದುಕೊಳ್ಳುವಂಥ ವಿಷಯ ಇದೇ. ಆಮೇಲೆ ಬರೆದ ಪ್ರತಿ ಸಾಲಿನಲ್ಲೂ ನಾವು ಇದನ್ನೇ ಕೇಳಿಕೊಂಡೆವು: ಇದು ತೀರ್ಮಾನ ಆಗದಿದ್ದರೆ ಕರೆಯುವ ನಮಗೆ ತೊಂದರೆಯಾ, ಬಂದು ಮಾತಾಡುವವರಿಗೆ ತೊಂದರೆಯಾ?

ಮೂರನೆಯದು ದಿನ. ಎರಡು ಭಾನುವಾರ ಮಾತ್ರ ಉಳಿಸಿಕೊಂಡೆವು. ಏಪ್ರಿಲ್ ಕೊನೆಯದು, ಮೇ ಎರಡನೆಯದು. ಒಬ್ಬರು ‘ನಾಲ್ಕು ದಿನ ಕೊಡೋಣ, ಅವರಿಗೇ ಅನುಕೂಲ’ ಅಂದರು. ಒಪ್ಪಲಿಲ್ಲ. ದಿನ ಕಾದಿಡುವುದು ಅಂದರೆ ಆ ದಿನ ಬೇರೆ ಯಾರು ಕರೆದರೂ ಇಲ್ಲ ಅನ್ನಬೇಕು, ಮನೆಯವರ ಮದುವೆ ಮುಂಜಿಗೂ ಉತ್ತರ ತಡಮಾಡಬೇಕು. ಎರಡು ಭಾನುವಾರ ಕಾದಿಡಿ ಅಂತ ಕೇಳುವುದೇ ಜಾಸ್ತಿ. ನಾಲ್ಕು ಕೇಳಿದರೆ ಯಾರೂ ನಿಜವಾಗಿ ಕಾದಿಡುವುದಿಲ್ಲ, ಸುಮ್ನೆ ಹೂಂ ಅನ್ನುತ್ತಾರೆ. ಅಲ್ಲದೆ ಮೂರು ನಾಲ್ಕು ಜನರ ಗೋಷ್ಠಿಯಲ್ಲಿ ಎಲ್ಲರಿಗೂ ಆಗುವ ದಿನ ಹುಡುಕಬೇಕು. ಹಾಗಾಗಿ ಯಾರು ಸಿಗುವುದು ಕಷ್ಟವೋ ಅವರನ್ನು ಮೊದಲು ಕೇಳುವುದು ಅಂತ ಆಯಿತು. ಮೇಡಂ ಉತ್ತರ ಬರುವ ತನಕ ಉಳಿದವರಿಗೆ ಪತ್ರ ಹೋಗಲಿಲ್ಲ.

ನಾಲ್ಕನೆಯದು ಪ್ರಯಾಣ, ಉಳಿಯುವುದು, ಖರ್ಚು. ಮಂಗಳೂರಿನಿಂದ ತೀರ್ಥಹಳ್ಳಿಗೆ ರೈಲಿಲ್ಲ. ರಸ್ತೆ ಎರಡು. ಉಡುಪಿ, ಹೆಬ್ರಿ ಮೇಲಿಂದ ಆಗುಂಬೆ ಘಾಟಿ ಹತ್ತಿ ಬರುವುದು ಒಂದು. ಕಾರ್ಕಳ, ಕೆರೆಕಟ್ಟೆ, ಶೃಂಗೇರಿ, ಕೊಪ್ಪ ಮೇಲೆ ಬರುವುದು ಇನ್ನೊಂದು. ಎರಡೂ ನೂರೈವತ್ತು ಕಿಲೋಮೀಟರ್ ಆಸುಪಾಸು, ಕಾರಿನಲ್ಲಿ ನಾಲ್ಕು ಗಂಟೆ ಹಿಡಿಯಬೇಕು. ಬೆಳಿಗ್ಗೆ ಹತ್ತೂವರೆಗೆ ಕಾರ್ಯಕ್ರಮ ಅಂದರೆ ಅವರು ಆರಕ್ಕೆ ಮನೆ ಬಿಡಬೇಕು. ಅರವತ್ತೆಂಟರ ವಯಸ್ಸಿನವರಿಗೆ ಅವತ್ತೇ ಬಂದು ಅವತ್ತೇ ಹೋಗಿ ಅನ್ನುವುದು ನ್ಯಾಯವಲ್ಲ. ಹಿಂದಿನ ಸಂಜೆ ಬಂದು ಉಳಿಯುವ ಅವಕಾಶ ಇರಲೇಬೇಕು.

ಕಾರಿನ ವಿಷಯದಲ್ಲೂ ಒಂದು ಲೆಕ್ಕ ಇತ್ತು. ಇಲ್ಲಿಂದ ನಮ್ಮ ಕಾರು ಕಳಿಸಿ ಕರೆತರುವುದು, ಮರುದಿನ ಬಿಟ್ಟು ಬರುವುದು ನಮಗೆಲ್ಲ ಗೌರವದ ರೀತಿ ಅನ್ನಿಸಿತ್ತು. ಆದರೆ ಹಾಗೆ ಮಾಡಿದರೆ ಎರಡು ಸಲ ಹೋಗಿ ಬರಬೇಕು, ಆರುನೂರು ಕಿಲೋಮೀಟರ್. ಮಂಗಳೂರಿನಿಂದಲೇ ಬಾಡಿಗೆ ಕಾರು ಮಾಡಿದರೆ ಮುನ್ನೂರು ಕಿಲೋಮೀಟರ್, ಜೊತೆಗೆ ಚಾಲಕರ ಬಾಟಾ ಮತ್ತು ಒಂದು ರಾತ್ರಿಯ ಉಳಿಕೆ. ಎರಡನೆಯದೇ ಕಡಿಮೆ. ಅವರಿಗೆ ಪರಿಚಯದ ಚಾಲಕರೇ ಸಿಗುತ್ತಾರೆ ಅನ್ನುವುದು ಇನ್ನೂ ಒಳ್ಳೆಯದು.

ಗೌರವಧನದ ಮಾತು ಎತ್ತಲು ಎಲ್ಲರಿಗೂ ಸಂಕೋಚ. ಹಿರಿಯರು, ಕೇಳುವುದಿಲ್ಲ ಅಂತ. ಅವರು ಕೇಳಬೇಕಾಗಿ ಬರಬಾರದು ಅಂತಲೇ ನಾವು ಬರೆಯಬೇಕು ಅಂದೆ. ಮೂರು ಸಾವಿರ ಅಂತ ತೀರ್ಮಾನ ಆಯಿತು. ನಮ್ಮ ಕೈಲಾಗುವುದು ಅಷ್ಟೇ.

ಎರಡನೇ ಪತ್ರ ಬರೆದೆ. ‘ಲಾಗುವುದು’, ‘ತಕ್ಕದ್ದು’ ಎಲ್ಲ ಬಿಟ್ಟು, ಮಾತಾಡುವ ಹಾಗೆ.

‘ಮೇಡಂ, ನಮಸ್ಕಾರ. ನಿಮ್ಮನ್ನು ಕೇಳದೆ ನಿಮ್ಮ ಹೆಸರು ಹಾಕಿದ್ದು ನಮ್ಮ ತಪ್ಪು. ನೀವು ಬರೆದು ಒಪ್ಪುವ ತನಕ ಎಲ್ಲೂ ನಿಮ್ಮ ಹೆಸರು ಬರುವುದಿಲ್ಲ.

ತೀರ್ಥಹಳ್ಳಿಯಲ್ಲಿ ಎಲೆಚುಕ್ಕೆ ರೋಗದ ಬಗ್ಗೆ ಚರ್ಚಾಗೋಷ್ಠಿ ಇಟ್ಟುಕೊಂಡಿದ್ದೇವೆ. ಅದರಲ್ಲಿ ನೀವು ಒಬ್ಬರಾಗಿ ಕೂರಬೇಕು ಅಂತ ನಮ್ಮ ಆಸೆ. ಯಾವುದು ತೀರ್ಮಾನ ಆಗಿದೆ, ಯಾವುದು ಆಗಿಲ್ಲ ಅಂತ ಕೆಳಗೆ ಬರೆದಿದ್ದೇನೆ.

ರೂಪ ತೀರ್ಮಾನ ಆಗಿದೆ. ಉಪನ್ಯಾಸ ಅಲ್ಲ, ಚರ್ಚೆ. ಸ್ಲೈಡ್ ಬೇಡ. ನಿರ್ವಹಣೆ ನನ್ನದು. ಕೇಳುವವರು ನೂರೈವತ್ತರಷ್ಟು ಬೆಳೆಗಾರರು. ನಿಮ್ಮ ಮೊದಲ ಮಾತು 8 ನಿಮಿಷ: ಈ ಮಳೆಗಾಲಕ್ಕೆ ಮುಂಚೆ ಬೆಳೆಗಾರ ಏನು ಮಾಡಬೇಕು ಅನ್ನುವುದರ ಬಗ್ಗೆ. ಆಮೇಲೆ ಪ್ರಶ್ನೆಗಳು.

ಒಟ್ಟು ಹೊತ್ತು ತೀರ್ಮಾನ ಆಗಿಲ್ಲ. 75 ಅಥವಾ 90 ನಿಮಿಷ. ಇನ್ನೊಬ್ಬರು ಬರುವುದರ ಮೇಲೆ ನಿಂತಿದೆ. ಎರಡರಲ್ಲಿ ಯಾವುದಾದರೂ ನಿಮ್ಮ 8 ನಿಮಿಷ ಬದಲಾಗುವುದಿಲ್ಲ. ಗೋಷ್ಠಿ ಬೆಳಿಗ್ಗೆ 11ಕ್ಕೆ ಶುರು.

ದಿನ ತೀರ್ಮಾನ ಆಗಿಲ್ಲ. ಏಪ್ರಿಲ್ ಕೊನೆಯ ಭಾನುವಾರ ಇಲ್ಲವೇ ಮೇ ಎರಡನೇ ಭಾನುವಾರ. ಮೂರನೆಯದು ಇಲ್ಲ. ಛತ್ರ ಸಿಗಬೇಕು. ಯುಗಾದಿಯ ಮರುದಿನ ಸಂಜೆಯೊಳಗೆ ಬರೆಯುತ್ತೇನೆ. ಅವತ್ತು ನನ್ನಿಂದ ಏನೂ ಬರದಿದ್ದರೆ ಎರಡೂ ದಿನ ನಿಮ್ಮವು, ನಮಗಾಗಿ ಕಾಯಬೇಡಿ.

ಪ್ರಯಾಣದಲ್ಲಿ ಆಯ್ಕೆ ನಿಮ್ಮದು. ಹಿಂದಿನ ಸಂಜೆ ಬಂದು ಉಳಿಯಬಹುದು, ಬೆಳಿಗ್ಗೆಯೇ ಬರಬಹುದು. ಮಂಗಳೂರಿನಿಂದ ನಿಮಗೆ ಒಗ್ಗಿದ ಬಾಡಿಗೆ ಕಾರು ಮಾಡಿಕೊಳ್ಳಿ, ಹಣ ನಾವು ಚಾಲಕರಿಗೇ ಕೊಡುತ್ತೇವೆ. ಯಾವ ದಾರಿ ಅನ್ನುವುದೂ ನಿಮ್ಮಿಷ್ಟ. ಉಳಿಯಲು ನಮ್ಮ ಮನೆ ಇದೆ, ಪೇಟೆಯಲ್ಲಿ ವಸತಿಗೃಹವೂ ಇದೆ. ಯಾವುದು ಹೇಳಿದರೂ ನಮಗೆ ಸಂತೋಷ. ಮಧ್ಯಾಹ್ನ ಊಟ ಮಾಡಿ ಮೂರಕ್ಕೆ ಹೊರಟರೆ ಕತ್ತಲೆಗೆ ಮುಂಚೆ ಘಾಟಿ ದಾಟುತ್ತೀರಿ. ಗೌರವಧನ ಮೂರು ಸಾವಿರ.

ಈಗ ನಿಮ್ಮಿಂದ ಬೇಕಾದದ್ದು ಒಂದೇ ಉತ್ತರ: ಎರಡೂ ದಿನ ಆಗುತ್ತದೆ, ಒಂದೇ ಆಗುತ್ತದೆ, ಅಥವಾ ಆಗುವುದಿಲ್ಲ. ಮೂರರಲ್ಲಿ ಯಾವುದಾದರೂ ಸರಿಯೇ.’

ಕಳಿಸಿದ ಮರುದಿನ ಬೆಳಿಗ್ಗೆ ಉತ್ತರ. ‘ಎರಡೂ ಆಗ್ತದೆ. ಮೇ ತಿಂಗಳದ್ದಕ್ಕಿಂತ ಏಪ್ರಿಲ್ ಒಳ್ಳೇದು. ಹಿಂದಿನ ದಿನ ಬರ್ತೇನೆ. ಶೃಂಗೇರಿ ದಾರಿಯಲ್ಲಿ. ಲಾಡ್ಜ್ ಸಾಕು, ಬೇಗ ಮಲಗ್ತೇನೆ.’

ಆ ಉತ್ತರದಲ್ಲಿ ಎರಡು ವಿಷಯ ನಮಗೆ ಹೊಸದು. ಆಗುಂಬೆ ದಾರಿಯೇ ಅಂತ ನಾವು ಅಂದುಕೊಂಡಿದ್ದೆವು. ಅಲ್ಲಿನ ಹದಿನಾಲ್ಕು ತಿರುವು ಅವರಿಗೆ ತಲೆ ಸುತ್ತಿಸುತ್ತದಂತೆ. ಇನ್ನೊಂದು, ನಮ್ಮ ಮನೆಯಲ್ಲೇ ಉಳಿಯಿರಿ ಅಂತ ನಾನು ಒತ್ತಾಯ ಮಾಡುವವನಿದ್ದೆ. ನಮ್ಮ ಕಡೆ ಅದು ಪ್ರೀತಿ. ಆದರೆ ನಾಲ್ಕು ಗಂಟೆ ಕಾರಿನಲ್ಲಿ ಕೂತು ಬಂದವರು ರಾತ್ರಿ ಹತ್ತರ ತನಕ ಮನೆಮಂದಿ ಜೊತೆ, ಅಕ್ಕಪಕ್ಕದವರ ಜೊತೆ ಮಾತಾಡಬೇಕಾಗುತ್ತದೆ. ಆಯ್ಕೆ ಬರೆದು ಕೊಟ್ಟಿದ್ದರಿಂದ ಅವರು ಸಲೀಸಾಗಿ ಬೇಡ ಅನ್ನಲು ಆಯಿತು. ಬಾಯಲ್ಲಿ ಕೇಳಿದ್ದರೆ ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಿದ್ದರೋ ಏನೋ.

ಉತ್ತರದ ಜೊತೆ ಒಂದು ಕೋರಿಕೆಯೂ ಇತ್ತು. ರೋಗ ಬಂದ ಸೋಗೆ ಯಾರೂ ಛತ್ರಕ್ಕೆ ತರಬಾರದು. ಶಿಲೀಂಧ್ರದ ರೋಗ, ಒಂದು ತೋಟದ್ದನ್ನು ಹತ್ತು ಊರಿನವರು ಸೇರುವ ಜಾಗಕ್ಕೆ ಯಾಕೆ ತರಬೇಕು? ಮೊಬೈಲಿನಲ್ಲಿ ಫೋಟೊ ತರಲಿ, ಎಲೆಯ ಮೇಲ್ಭಾಗದ್ದೊಂದು, ಹಿಂಭಾಗದ್ದೊಂದು, ಇಡೀ ಮರದ್ದೊಂದು. ಗೋಷ್ಠಿ ಮುಗಿದ ಮೇಲೆ ಒಂದು ಮೇಜು ಹಾಕಿಕೊಡಿ, ಕೂತು ನೋಡುತ್ತೇನೆ. ನಾವು ಕೇಳದೇ ಇದ್ದದ್ದನ್ನು ಅವರೇ ಕೊಟ್ಟರು. ಏನು ನಡೆಯುತ್ತದೆ ಅಂತ ಸ್ಪಷ್ಟವಾಗಿ ತಿಳಿದದ್ದರಿಂದಲೇ ಅವರಿಗೆ ಅದು ಹೊಳೆದದ್ದು ಅಂತ ನನ್ನ ನಂಬಿಕೆ.

ಯುಗಾದಿ ಮುಗಿಯಿತು. ಮೇ ಭಾನುವಾರದ ಛತ್ರವನ್ನು ಮದುವೆಯವರು ಹಿಡಿದಾಗಿತ್ತು. ಏಪ್ರಿಲ್ ಕೊನೆಯ ಭಾನುವಾರ ಖಾಲಿ ಉಳಿದಿತ್ತು, ಯಾಕೆಂದರೆ ಅವತ್ತು ಅಮಾವಾಸ್ಯೆ. ಪಂಚಾಂಗ ಮೊದಲೇ ನೋಡಿದ್ದರೆ ಅವತ್ತು ಯಾವ ಮದುವೆಯೂ ಇಲ್ಲ ಅಂತ ಫೆಬ್ರವರಿಯಲ್ಲೇ ಗೊತ್ತಾಗುತ್ತಿತ್ತು. ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ. ಒಂದೂವರೆ ತಿಂಗಳ ಅನಿಶ್ಚಯಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೇ ಉತ್ತರ ಇತ್ತು. ಬಳಗದ ಹಿರಿಯರೊಬ್ಬರು ಅಮಾವಾಸ್ಯೆ ದಿನ ಯಾಕೆ ಅಂದರು. ಮೇಡಂಗೂ ಫೋನ್ ಮಾಡಿ ಕೇಳಿದೆ. ‘ಅಡ್ಡಿ ಇಲ್ಲ. ಚಾಲಕನನ್ನೊಮ್ಮೆ ಕೇಳ್ತೇನೆ’ ಅಂದರು. ಅರ್ಧ ಗಂಟೆಯಲ್ಲಿ ಅವನೂ ಒಪ್ಪಿದ ಅಂತ ತಿಳಿಸಿದರು. ಹಿರಿಯರು ಆಮೇಲೆ ಸುಮ್ಮನಾದರು.

ಯುಗಾದಿಯ ಮರುದಿನ ಬಂತು. ದಿನ ಖಚಿತ, ಆದರೆ ಅಧಿಕಾರಿಯ ಅನುಮತಿ ಇನ್ನೂ ಬಂದಿರಲಿಲ್ಲ. ‘ಅದೂ ಗೊತ್ತಾಗಲಿ, ಒಟ್ಟಿಗೆ ಬರೆದರಾಯ್ತು’ ಅಂತ ಜೊತೆಯವರು ಹೇಳಿದರು. ನಾನು ಕೇಳಲಿಲ್ಲ. ಇವತ್ತು ಬರೆಯುತ್ತೇನೆ ಅಂತ ಮಾತು ಕೊಟ್ಟಾಗಿದೆ. ನಮ್ಮಿಂದ ಏನೂ ಬರದಿದ್ದರೆ ಅವರು ಆ ದಿನವನ್ನು ಬೇರೆಯವರಿಗೆ ಕೊಡಬಹುದು, ಹಾಗಂತ ನಾವೇ ಬರೆದಿದ್ದೇವೆ. ಮೂರು ಸಾಲು ಕಳಿಸಿದೆ: ದಿನ ಏಪ್ರಿಲ್ ಕೊನೆಯ ಭಾನುವಾರ, ಖಚಿತ. ಒಟ್ಟು ಹೊತ್ತು ಇನ್ನೂ ತೀರ್ಮಾನ ಆಗಿಲ್ಲ, ಏಪ್ರಿಲ್ 15ರೊಳಗೆ ತಿಳಿಸುತ್ತೇನೆ. ನಿಮ್ಮ ಪಾಲಿನದು ಏನೂ ಬದಲಾಗಿಲ್ಲ.

ಆಗ ಅವರು ‘ಆಯ್ತು, ಹೆಸರು ಹಾಕಿ’ ಅಂತ ಬರೆದರು. ಅದಾದ ಮೇಲೆಯೇ ಉಳಿದವರಿಗೆ ಪತ್ರ ಹೋಯಿತು, ಪತ್ರಿಕೆ ಅಚ್ಚಾಯಿತು.

ಅಧಿಕಾರಿಯ ಅನುಮತಿ ಕೊನೆಗೂ ಬರಲಿಲ್ಲ. ಏಪ್ರಿಲ್ 15ಕ್ಕೆ ಅದನ್ನೂ ಬರೆದೆ. ವೇದಿಕೆ ಮೇಲೆ ಮೂವರು, 75 ನಿಮಿಷ. ಖಾಲಿ ಕುರ್ಚಿ ಇಟ್ಟು ಕಾಯುವುದು ಬೇಡ ಅಂತ ಮೊದಲೇ ಠರಾಯಿಸಿದ್ದೆವು.

ಕಾರ್ಯಕ್ರಮದ ದಿನ ಗೋಷ್ಠಿ 11ಕ್ಕೆ ಹತ್ತು ನಿಮಿಷ ತಡವಾಗಿ ಶುರುವಾಯಿತು. ಮೇಡಂ ಏಳೂವರೆ ನಿಮಿಷದಲ್ಲಿ ತಮ್ಮ ಮೊದಲ ಮಾತು ಮುಗಿಸಿದರು. ಕೈಯಲ್ಲಿ ಒಂದು ಚೀಟಿ ಇತ್ತು, ಮೂರು ಸಾಲಿನದು. ಹನ್ನೊಂದು ಪ್ರಶ್ನೆ ಆದವು. ಕೊನೆಯ ಪ್ರಶ್ನೆ ಮುಗಿಯುವಾಗ ಹನ್ನೆರಡೂವರೆ. ಅಲ್ಲಿಯ ತನಕ ಎಲ್ಲ ಬರೆದ ಹಾಗೆಯೇ ನಡೆಯಿತು.

ಫೋಟೊ ಮೇಜಿನ ಹತ್ತಿರ ಮಾತ್ರ ನಮ್ಮ ಲೆಕ್ಕ ತಪ್ಪಿತು. ಹತ್ತು ಹದಿನೈದು ಜನ ಬಂದಾರು ಅಂದುಕೊಂಡಿದ್ದೆವು. ಊಟದ ಸಾಲಿಗಿಂತ ಉದ್ದದ ಸಾಲು ಅಲ್ಲಿ ನಿಂತಿತು. ಮೇಡಂ ಕನ್ನಡಕ ಹಣೆಗೆ ಏರಿಸಿ, ಒಬ್ಬೊಬ್ಬರ ಮೊಬೈಲನ್ನೂ ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದರು. ‘ಇದು ಚುಕ್ಕೆ ರೋಗ ಅಲ್ಲ, ಪೊಟ್ಯಾಷ್ ಕಡಿಮೆ ಆಗಿದೆ ಅಂತ ಕಾಣ್ತದೆ. ಮಣ್ಣು ಪರೀಕ್ಷೆ ಮಾಡಿಸಿ’ ಅಂತ ಒಬ್ಬರಿಗೆ. ‘ಎಲೆ ಹಿಂದಿನ ಫೋಟೊ ಎಲ್ಲಿ?’ ಅಂತ ಇನ್ನೊಬ್ಬರಿಗೆ. ಅವರು ಊಟಕ್ಕೆ ಎದ್ದಾಗ ಎರಡು ಗಂಟೆ. ಊಟ ಮುಗಿಸಿ ಮತ್ತೆ ಉಳಿದವರದ್ದು ನೋಡಿದರು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ನಾನೇ ಹೋಗಿ ಮೇಡಂ, ಮೂರೂಕಾಲು ಆಯಿತು ಅಂದೆ. ಕಾರು ಹೊರಟಾಗ ಮೂರು ಐವತ್ತು. ಆ ದಿನ ಸಂಜೆ ಶೃಂಗೇರಿ ಕಡೆ ಗುಡುಗು ಮಳೆಯೂ ಬಂತು. ಕಾರ್ಕಳ ದಾಟಿದೆ ಅಂತ ಅವರ ಸಂದೇಶ ಬರುವ ತನಕ ನನಗೆ ಸಮಾಧಾನವಿರಲಿಲ್ಲ.

ಆ ಮೇಜನ್ನು ನಾವು ಅವರ ಒಳ್ಳೆಯತನ ಅಂತ ತೆಗೆದುಕೊಂಡೆವು, ಕಾರ್ಯಕ್ರಮದ ಭಾಗ ಅಂತ ಲೆಕ್ಕ ಹಾಕಲಿಲ್ಲ. ಅದಕ್ಕೆ ಶುರು ಇರಲಿಲ್ಲ, ಕೊನೆಯೂ ಇರಲಿಲ್ಲ. ಗೋಷ್ಠಿಯ ಎಂಟು ನಿಮಿಷವನ್ನು ಅಷ್ಟು ಜೋಪಾನವಾಗಿ ಬರೆದವರು ಈ ಎರಡು ಗಂಟೆಯನ್ನು ಬರೆಯದೇ ಬಿಟ್ಟೆವು. ಮುಂದಿನ ವರ್ಷದ ಗೋಷ್ಠಿಗೆ ಬೇರೊಬ್ಬರನ್ನು ಕರೆಯುವಾಗ ಅದೇ ಪತ್ರ ತೆಗೆದು, ಪ್ರಯಾಣದ ಸಾಲಿಗೆ ಮೊದಲು ಒಂದು ಸಾಲು ಸೇರಿಸಿದೆ: ‘ಗೋಷ್ಠಿಯ ನಂತರ ನಿಮಗೆ ಒಪ್ಪಿಗೆಯಿದ್ದರೆ ಮಾತ್ರ ಫೋಟೊ ನೋಡುವುದು, 12.45ರಿಂದ 1.30ರ ತನಕ, ಚೀಟಿ ಪಡೆದ ಇಪ್ಪತ್ತು ಜನರದ್ದು. 1.30ಕ್ಕೆ ನಾನೇ ಬಂದು ಊಟಕ್ಕೆ ಕರೆದುಕೊಂಡು ಹೋಗುತ್ತೇನೆ.’